ಬಂದ ಚಂದಾ ಹಣ ಆದಾಯವಾಗುವುದು ಯಾವಾಗ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಪುಸ್ತಕದ ಅಂಗಡಿ ಇದೆ. ಕಳೆದ ಜುಲೈಯಿಂದ ಒಂದು ಮಾಸಪತ್ರಿಕೆಯನ್ನೂ ತರುತ್ತಿದ್ದೇನೆ. ವರ್ಷದ ಚಂದಾ 540 ರೂಪಾಯಿ, ಇದುವರೆಗೆ 500 ಜನ ಕಟ್ಟಿದ್ದಾರೆ. ಅಂಗಡಿಯ 500 ರೂಪಾಯಿಯ ಉಡುಗೊರೆ ಕೂಪನ್ 100 ಮಾರಿದ್ದೇನೆ. ಮೇ ತಿಂಗಳಲ್ಲಿ ಬರಲಿರುವ ಪುಸ್ತಕಕ್ಕೆ ಪ್ರಕಟಣಾಪೂರ್ವ ದರದಲ್ಲಿ 75,000 ಬಂದಿದೆ. ಎಲ್ಲವನ್ನೂ ಮಾರಾಟದ ಲೆಕ್ಕಕ್ಕೇ ಹಾಕಿದ್ದೆ. ಆಡಿಟರ್ ಆಫೀಸಿನ ಹುಡುಗ ‘ಇದು ಆದಾಯವೇ ಅಲ್ಲ ಮೇಡಂ’ ಅನ್ನುತ್ತಾನೆ. ದುಡ್ಡು ಬಂದಿರುವುದು ನಿಜ ತಾನೇ? ಹಾಗಾದರೆ ಅದು ಆದಾಯವಾಗುವುದು ಯಾವಾಗ? ಆಜೀವ ಚಂದಾ ಶುರು ಮಾಡುವ ಯೋಚನೆಯೂ ಇದೆ. ಸಂಚಿಕೆ, ಕೂಪನ್‌ಗಳ ಪಟ್ಟಿ ಜೊತೆಗಿದೆ.

ಉತ್ತರ: ಆ ಹುಡುಗ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಬಂದ ದುಡ್ಡಿನಲ್ಲಿ ಒಂದಷ್ಟು ಮಾರ್ಚ್ 31ರ ಹೊತ್ತಿಗೆ ನಿಮ್ಮ ಆದಾಯವಾಗಿದೆ, ಉಳಿದದ್ದು ಇನ್ನೂ ಓದುಗರಿಗೆ ನೀವು ತೀರಿಸಬೇಕಾದ ಬಾಕಿ. ಆ ಬಾಕಿಯನ್ನು ನೀವು ದುಡ್ಡಿನಲ್ಲಿ ತೀರಿಸುವುದಿಲ್ಲ, ಸಂಚಿಕೆಯಲ್ಲಿ ಮತ್ತು ಪುಸ್ತಕದಲ್ಲಿ ತೀರಿಸುತ್ತೀರಿ. ಅದಕ್ಕೇ ಅದು ಸಾಲ ಅಂತ ಅನ್ನಿಸುವುದಿಲ್ಲ. ಪತ್ರಿಕೆ ನಾಳೆ ನಿಂತರೆ ಮಾತ್ರ ಸಾಲವೆಂದು ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಆಗ ದುಡ್ಡನ್ನೇ ಹಿಂದಿರುಗಿಸಬೇಕು.

ಮೂರರಲ್ಲಿ ಹೆಚ್ಚು ಜನ ಎಡವುವುದು ಚಂದಾದಲ್ಲಿ. ಅದನ್ನೇ ಮೊದಲು ಬಿಡಿಸಿ ನೋಡೋಣ.

ಲೆಕ್ಕ ಬಲ್ಲವರು ಸಾಮಾನ್ಯವಾಗಿ ಹೇಳುವುದು ಹೀಗೆ: ವರ್ಷದ ಚಂದಾ ಅಂದರೆ ಹನ್ನೆರಡು ತಿಂಗಳು, ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 45 ರೂಪಾಯಿ ಆದಾಯಕ್ಕೆ ತಗೊಳ್ಳಿ. ಜಿಮ್ ಸದಸ್ಯತ್ವಕ್ಕೆ ಈ ಲೆಕ್ಕ ಸರಿ, ಅಲ್ಲಿ ಬಾಗಿಲು ದಿನಾ ಒಂದೇ ರೀತಿ ತೆರೆದಿರುತ್ತದೆ. ನಿಮ್ಮ ಪತ್ರಿಕೆಗೆ ಇದು ಹೊಂದುವುದಿಲ್ಲ. ನಿಮ್ಮ ಪಟ್ಟಿಯ ಪ್ರಕಾರ ಹನ್ನೊಂದು ಸಂಚಿಕೆಗಳ ಬಿಡಿ ಬೆಲೆ 40 ರೂಪಾಯಿ, ಅಕ್ಟೋಬರಿನ ದಸರಾ ವಿಶೇಷಾಂಕದ್ದು 160. ಓದುಗ 540 ಕೊಟ್ಟದ್ದರಲ್ಲಿ ದೊಡ್ಡ ಪಾಲು ಆ ಒಂದು ದಪ್ಪ ಸಂಚಿಕೆಗೆ. ಅದನ್ನು ಕಳಿಸುವ ಮೊದಲೇ ಅದರ ಬೆಲೆಯ ತುಣುಕುಗಳನ್ನು ತಿಂಗಳು ತಿಂಗಳೂ ಆದಾಯಕ್ಕೆ ತಂದರೆ, ಮಾಡದ ಕೆಲಸಕ್ಕೆ ಕೂಲಿ ತೋರಿಸಿದಂತೆ. ನಮ್ಮ ದೇಶದ ಲೆಕ್ಕ ಮಾನದಂಡಗಳಲ್ಲಿ ಆದಾಯಕ್ಕೆ ಸಂಬಂಧಿಸಿದ ಎಎಸ್-9 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪತ್ರಿಕೆಯ ಚಂದಾ ಬಂದಾಗ ಅದನ್ನು ಮುಂದಕ್ಕೆ ಹಿಡಿದಿಡಬೇಕು. ಸಂಚಿಕೆಗಳ ಬೆಲೆ ಒಂದೇ ಸಮ ಇದ್ದರೆ ಸಮನಾಗಿ ಹಂಚಬಹುದು, ಬೆಲೆ ಏರುಪೇರಾದರೆ ಒಟ್ಟು ಬೆಲೆಯಲ್ಲಿ ಆ ಸಂಚಿಕೆಯ ಪಾಲು ಎಷ್ಟೋ ಅಷ್ಟೇ ಆದಾಯ.

ನಿಮ್ಮ ಹನ್ನೆರಡು ಸಂಚಿಕೆಗಳ ಬಿಡಿ ಬೆಲೆ ಕೂಡಿಸಿದರೆ 440 ಮತ್ತು 160, ಒಟ್ಟು 600. ಚಂದಾ 540, ಅಂದರೆ ಪ್ರತಿ ಸಂಚಿಕೆಗೂ ನೂರಕ್ಕೆ ಹತ್ತರಂತೆ ರಿಯಾಯಿತಿ. ಹಾಗಾಗಿ ಸಾಮಾನ್ಯ ಸಂಚಿಕೆ ಅಂಚೆಗೆ ಬಿದ್ದ ದಿನ 36 ರೂಪಾಯಿ ಆದಾಯ, ವಿಶೇಷಾಂಕ ಅಂಚೆಗೆ ಬಿದ್ದ ದಿನ 144. ಹನ್ನೊಂದು ಮೂವತ್ತಾರು 396, ಅದಕ್ಕೆ 144 ಸೇರಿಸಿದರೆ 540. ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇವೆರಡರ ಮೇಲೆಯೇ.

ನಿಮ್ಮ ಚಂದಾದಾರರು ಎರಡು ತಂಡದವರು. ಜೂನ್‌ನಲ್ಲಿ 200 ಜನ ಸೇರಿದರು, ಅವರ ಸಂಚಿಕೆ ಜುಲೈಯಿಂದ ಶುರು. ಮಾರ್ಚ್ ಮುಗಿಯುವಷ್ಟರಲ್ಲಿ ಅವರಿಗೆ ಒಂಬತ್ತು ಸಂಚಿಕೆ ಹೋಗಿವೆ, ಅದರಲ್ಲಿ ಒಂದು ವಿಶೇಷಾಂಕ. ಎಂಟು ಮೂವತ್ತಾರು 288, ಜೊತೆಗೆ 144, ಒಬ್ಬರಿಂದ 432 ರೂಪಾಯಿ. 200 ಜನರಿಂದ 86,400. ಬಾಕಿ ಇರುವುದು ಮೂರೇ ಸಾಮಾನ್ಯ ಸಂಚಿಕೆ, ಅಂದರೆ 21,600.

ರಾಜ್ಯೋತ್ಸವದ ಸಮಯದಲ್ಲಿ ನವೆಂಬರಿನಲ್ಲಿ ಸೇರಿದ 300 ಜನರ ಕತೆ ಬೇರೆ. ಅವರ ಸಂಚಿಕೆ ಡಿಸೆಂಬರಿನಿಂದ ಶುರು. ಮಾರ್ಚ್‌ವರೆಗೆ ನಾಲ್ಕೇ ಸಂಚಿಕೆ, ನಾಲ್ಕೂ ತೆಳ್ಳನೆಯವು. ಒಬ್ಬರಿಂದ 144, ಎಲ್ಲರಿಂದ 43,200. ಅವರಿಗೆ ಇನ್ನೂ ಏಳು ಸಾಮಾನ್ಯ ಸಂಚಿಕೆ ಮತ್ತು ಮುಂದಿನ ದಸರಾ ವಿಶೇಷಾಂಕ ಕೊಡಬೇಕು. ಅದು ತಲಾ 396, ಒಟ್ಟು 1,18,800.

ಬಂದ ಚಂದಾ 2,70,000. ಅದರಲ್ಲಿ ಆದಾಯವಾದದ್ದು 1,29,600, ಬಾಕಿ 1,40,400. ಅರ್ಧಕ್ಕಿಂತ ಹೆಚ್ಚು ಇನ್ನೂ ನಿಮ್ಮದಾಗಿಲ್ಲ. ಹನ್ನೆರಡರಿಂದ ಭಾಗಿಸುವ ಲೆಕ್ಕ ಹಿಡಿದಿದ್ದರೆ ನವೆಂಬರ್ ತಂಡದಿಂದ 54,000 ಆದಾಯ ತೋರಿಸುತ್ತಿದ್ದಿರಿ, ನಿಜಕ್ಕಿಂತ 10,800 ಹೆಚ್ಚು. ಜೂನ್ ತಂಡದಲ್ಲಿ ಅದೇ ಲೆಕ್ಕ 5,400 ಕಡಿಮೆ ತೋರಿಸುತ್ತಿತ್ತು. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪು ಅರ್ಧ ಮುಚ್ಚಿಬಿಡುವುದರಿಂದ ಒಟ್ಟು ಮೊತ್ತ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ತಂಡ ತಂಡವಾಗಿ ಬಿಡಿಸಿದರೆ ಮಾತ್ರ ಕಾಣುತ್ತದೆ.

ಪುಸ್ತಕದಲ್ಲಿ ಬರೆಯುವ ಕ್ರಮ ಕಷ್ಟದ್ದಲ್ಲ. ಟ್ಯಾಲಿಯಲ್ಲಿ ‘ಮುಂಗಡ ಚಂದಾ’ ಅಂತ ಒಂದು ಲೆಡ್ಜರ್ ತೆರೆಯಿರಿ. ಅದನ್ನು `Current Liabilities` ಗುಂಪಿನಲ್ಲಿ ಇಡಿ. ನಿಮ್ಮಲ್ಲಿ ಆಗಿರುವ ತಪ್ಪು ಇಲ್ಲೇ ಹುಟ್ಟಿದೆ: ಚಂದಾ ಲೆಡ್ಜರನ್ನು `Sales Accounts` ಕೆಳಗೆ ಇಟ್ಟಿದ್ದೀರಿ, ಹಾಗಾಗಿ ಬಂದ ಪ್ರತಿ ರೂಪಾಯಿಯೂ ಬಂದ ಕ್ಷಣದಲ್ಲೇ ಮಾರಾಟವಾಯಿತು. ಇನ್ನು ಮುಂದೆ ಚಂದಾ ಬಂದಾಗ ಬ್ಯಾಂಕ್ ಡೆಬಿಟ್, ಮುಂಗಡ ಚಂದಾ ಕ್ರೆಡಿಟ್. ಸಂಚಿಕೆಯ ಕಟ್ಟುಗಳು ಅಂಚೆ ಕಚೇರಿಗೆ ಹೋದ ದಿನ ಒಂದೇ ಒಂದು ಜರ್ನಲ್ ಎಂಟ್ರಿ: ಮುಂಗಡ ಚಂದಾ ಡೆಬಿಟ್, ಚಂದಾ ಆದಾಯ ಕ್ರೆಡಿಟ್. ಡಿಸೆಂಬರ್ ಸಂಚಿಕೆಗೆ 500 ಜನ, ತಲಾ 36, ಅಂದರೆ 18,000. ಅಕ್ಟೋಬರಿನಲ್ಲಿ 200 ಜನ, ತಲಾ 144, ಅಂದರೆ 28,800. ತಿಂಗಳಿಗೊಂದು ಎಂಟ್ರಿ ಸಾಕು, ಚಂದಾದಾರರಿಗೊಂದೊಂದು ಬೇಡ.

ಆದರೆ ಆ 500 ಎಂಬ ಸಂಖ್ಯೆ ಎಲ್ಲಿಂದ ಬರಬೇಕು? ಅಂಚೆಗೆ ಕೊಟ್ಟ ವಿಳಾಸಪಟ್ಟಿಯಿಂದ. ಲೆಡ್ಜರ್ ನೋಡಿ ಊಹಿಸಬಾರದು. ಚಂದಾದಾರರ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಮೊದಲ ಸಂಚಿಕೆ ಯಾವುದು, ಕೊನೆಯ ಸಂಚಿಕೆ ಯಾವುದು ಎಂದು ಬರೆದಿರಬೇಕು. ದುಡ್ಡು ಕಟ್ಟಿದ ತಾರೀಕು ಮಾತ್ರ ಇದ್ದರೆ ಸಾಲದು. ಮಾರ್ಚ್ 31ರಂದು ಆ ಪುಸ್ತಕ ಹಿಡಿದು ಪ್ರತಿಯೊಬ್ಬರಿಗೂ ಇನ್ನು ಎಷ್ಟು ಸಾಮಾನ್ಯ ಸಂಚಿಕೆ, ಎಷ್ಟು ವಿಶೇಷಾಂಕ ಬಾಕಿ ಎಂದು ಎಣಿಸಿ, 36 ಮತ್ತು 144ರಿಂದ ಗುಣಿಸಿ ಕೂಡಿಸಿ. ಬಂದ ಮೊತ್ತ ಮುಂಗಡ ಚಂದಾ ಲೆಡ್ಜರಿನ ಬಾಕಿಗೆ ತಾಳೆಯಾಗಬೇಕು. ನಿಮ್ಮದು 1,40,400 ಬರುತ್ತದೆಯೇ ನೋಡಿ. ಲೆಡ್ಜರಿನಲ್ಲಿ ಹೆಚ್ಚು ಉಳಿದಿದ್ದರೆ ಯಾವುದೋ ತಿಂಗಳ ಎಂಟ್ರಿ ಬಿಟ್ಟುಹೋಗಿದೆ. ಕಡಿಮೆ ಉಳಿದಿದ್ದರೆ ಹೊಸ ಚಂದಾ ಯಾವುದೋ ನೇರ ಮಾರಾಟಕ್ಕೆ ಹೋಗಿದೆ, ಇಲ್ಲವೇ ಅವಧಿ ಮುಗಿದವರಿಗೂ ಪತ್ರಿಕೆ ಹೋಗುತ್ತಿದೆ. ಚಂದಾ ನವೀಕರಿಸದ ಹಳೆಯ ಓದುಗರಿಗೆ ಪ್ರೀತಿಯಿಂದ ಎರಡು ಸಂಚಿಕೆ ಕಳಿಸುವುದು ನಮ್ಮಲ್ಲಿ ಇದ್ದದ್ದೇ. ಕಳಿಸಿ, ಆದರೆ ಎಂಟ್ರಿಯಲ್ಲಿ ಅವರನ್ನು ಎಣಿಸಬೇಡಿ, ಅದು ನಿಮ್ಮ ಪ್ರಚಾರದ ಖರ್ಚು.

ಸಣ್ಣ ಪತ್ರಿಕೆಗಳಲ್ಲಿ ಬಂದೇ ಬರುವ ಇನ್ನೊಂದು ಸಂದರ್ಭ ಜೋಡಿ ಸಂಚಿಕೆ. ಪ್ರೆಸ್ ಕೈಕೊಟ್ಟಿತು, ಕಾಗದ ಸಿಗಲಿಲ್ಲ, ‘ಏಪ್ರಿಲ್-ಮೇ’ ಎಂದು ಒಂದೇ ಪ್ರತಿ ತಂದಿರಿ ಅನ್ನೋಣ. ಅದು ಎರಡು ಸಂಚಿಕೆಗೆ ಲೆಕ್ಕ ಎಂದು ಓದುಗರಿಗೆ ತಿಳಿಸಿದ್ದರೆ ಆ ದಿನ ಎರಡು ಮೂವತ್ತಾರು ಆದಾಯಕ್ಕೆ ಬರುತ್ತದೆ. ಒಂದೇ ಸಂಚಿಕೆ ಎಂದು ಎಣಿಸಿ ಎಲ್ಲರ ಚಂದಾವನ್ನೂ ಒಂದು ತಿಂಗಳು ಮುಂದಕ್ಕೆ ಹಾಕಿದರೆ ಒಂದೇ ಮೂವತ್ತಾರು. ಎರಡನ್ನೂ ಬೆರೆಸುವುದು ದೊಡ್ಡ ತಪ್ಪು: ಆದಾಯ ಎರಡರದ್ದು ತೆಗೆದುಕೊಂಡು, ಅವಧಿಯನ್ನೂ ಒಂದು ತಿಂಗಳು ಮುಂದೂಡಿದರೆ ಕೊನೆಯ ಸಂಚಿಕೆ ಕಳಿಸುವ ಹೊತ್ತಿಗೆ ಲೆಡ್ಜರಿನಲ್ಲಿ ದುಡ್ಡೇ ಇರುವುದಿಲ್ಲ.

ಏಜೆಂಟರು ಕಮಿಷನ್ ಹಿಡಿದುಕೊಂಡು 540ರ ಬದಲು 486 ಕಳಿಸಿದರೂ ಮುಂಗಡ ಚಂದಾಕ್ಕೆ ಹೋಗಬೇಕಾದದ್ದು 540. ಓದುಗ ಕೊಟ್ಟದ್ದು ಅಷ್ಟು, ನೀವು ಕೊಡಬೇಕಾದದ್ದೂ ಅಷ್ಟರ ಸಂಚಿಕೆ. ನಡುವಿನ 54 ಕಮಿಷನ್ ಖರ್ಚು. ಕೆಲವು ಗ್ರಂಥಾಲಯಗಳು ಸಂಚಿಕೆಗಳೆಲ್ಲ ತಲುಪಿದ ಮೇಲೆ ಬಿಲ್ ನೋಡಿ ದುಡ್ಡು ಕೊಡುತ್ತವೆ. ಅದು ಮುಂಗಡವೇ ಅಲ್ಲ, ಅವರಿಂದ ನಿಮಗೆ ಬರಬೇಕಾದ ಬಾಕಿ. ಅದನ್ನು ಈ ಲೆಡ್ಜರಿಗೆ ತರಬೇಡಿ.

ಇನ್ನು ಕೂಪನ್. ಕೂಪನ್ ಮಾರಿದ ದಿನ ಮಾರಾಟ ಆಗಿಲ್ಲ. ಮಾರಾಟ ಆಗುವುದು ಯಾರೋ ಅದನ್ನು ಹಿಡಿದು ಅಂಗಡಿಗೆ ಬಂದು ಪುಸ್ತಕ ಆರಿಸಿಕೊಂಡ ದಿನ. ನಿಮ್ಮ 100 ಕೂಪನ್‌ಗಳಲ್ಲಿ ಮಾರ್ಚ್ ಕೊನೆಗೆ 60 ವಾಪಸ್ ಬಂದಿವೆ, ಅಂದರೆ 30,000 ಆದಾಯ. ಉಳಿದ 20,000 ‘ಕೂಪನ್ ಬಾಕಿ’ ಎಂಬ ಇನ್ನೊಂದು ಲೆಡ್ಜರಿನಲ್ಲಿ ಹೊಣೆಯಾಗಿಯೇ ಇರಲಿ. ಮುಂಗಡ ಚಂದಾದ ಜೊತೆ ಬೆರೆಸಬೇಡಿ, ಎರಡೂ ಬಿಡುಗಡೆಯಾಗುವ ದಾರಿ ಬೇರೆ. 500ರ ಕೂಪನ್ ತಂದವರು 420ರ ಪುಸ್ತಕ ಒಯ್ದು, ಉಳಿದ 80 ಇನ್ನೊಮ್ಮೆ ಬಳಸಬಹುದೆಂದು ನೀವು ಒಪ್ಪಿದ್ದರೆ ಆದಾಯ 420 ಮಾತ್ರ. ಕಾಲೇಜಿನವರು ಬಹುಮಾನಕ್ಕೆಂದು ಒಟ್ಟಿಗೆ ಕೊಂಡಾಗ 450ಕ್ಕೆ ಕೊಟ್ಟಿದ್ದರೆ ಹೊಣೆ 450, ಆಮೇಲೆ 500ರ ಪುಸ್ತಕ ಹೋದರೂ ಆದಾಯ 450. ಅಂಗಡಿಯ ಹಬ್ಬದ ಕೊಡುಗೆಯೆಂದು ಪುಕ್ಕಟೆ ಹಂಚಿದ ‘50 ರೂಪಾಯಿ ರಿಯಾಯಿತಿ’ ಚೀಟಿಗೆ ದುಡ್ಡೇ ಬಂದಿಲ್ಲ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಕಿಲ್ಲ, ಅದನ್ನು ಬಳಸಿದ ದಿನದ ಬಿಲ್ಲಿನಲ್ಲಿ ಕಳೆದರೆ ಮುಗಿಯಿತು.

ಬರದೇ ಹೋಗುವ ಕೂಪನ್‌ಗಳ ಗತಿ ಏನು? ಮದುವೆಯಲ್ಲಿ ಉಡುಗೊರೆಯಾಗಿ ಸಿಕ್ಕದ್ದು ಬೀರುವಿನಲ್ಲಿ ಉಳಿದುಬಿಡುತ್ತದೆ. ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲ್‌ನಿಂದ ಅನ್ವಯವಾದ ಇಂಡ್-ಎಎಸ್ 115 ಇದಕ್ಕೊಂದು ದಾರಿ ಹೇಳುತ್ತದೆ. ಎಷ್ಟು ಕೂಪನ್ ಬರುವುದಿಲ್ಲ ಎಂದು ಹಳೆಯ ಅನುಭವದಿಂದ ಗಟ್ಟಿಯಾಗಿ ಹೇಳಬಲ್ಲವರು, ಬಂದ ಕೂಪನ್‌ಗಳ ಪ್ರಮಾಣಕ್ಕೆ ತಕ್ಕಂತೆ ಬರದವುಗಳ ಬೆಲೆಯನ್ನೂ ಸ್ವಲ್ಪ ಸ್ವಲ್ಪವಾಗಿ ಆದಾಯಕ್ಕೆ ತರಬಹುದು. ನೂರರಲ್ಲಿ ಹತ್ತು ಬರುವುದಿಲ್ಲ ಎಂದು ಗೊತ್ತಿದ್ದರೆ ಬರುವುದು 45,000, ಬರದಿರುವುದು 5,000. ಬರಬೇಕಾದ್ದರಲ್ಲಿ 30,000, ಅಂದರೆ ಮೂರರಲ್ಲಿ ಎರಡು ಪಾಲು ಬಂದಿದೆ. ಹಾಗಾಗಿ 5,000ದಲ್ಲೂ ಮೂರರಲ್ಲಿ ಎರಡು ಪಾಲು, ಸುಮಾರು 3,333. ನೀವು ಇದನ್ನು ಮಾಡಬೇಡಿ. ನಿಮಗೆ ಇದು ಮೊದಲ ವರ್ಷ, ಹತ್ತು ಎಂದು ಹೇಳಲು ನಿಮ್ಮ ಬಳಿ ಆಧಾರವಿಲ್ಲ. ಕೂಪನ್ ಹಿಂಬದಿ ಅಚ್ಚಾದ ಒಂದು ವರ್ಷದ ಅವಧಿ ಮುಗಿಯುವ ತನಕ 20,000ವನ್ನು ಮುಟ್ಟಬೇಡಿ. ಅವಧಿ ಮುಗಿದ ಮೇಲೂ ಬಂದವರಿಗೆ ಪುಸ್ತಕ ಕೊಡುತ್ತೇನೆ ಎನ್ನುವ ಮನಸ್ಸಿದ್ದರೆ ಇನ್ನಷ್ಟು ಕಾಲ ಇಟ್ಟುಕೊಳ್ಳಿ. ನೀವು ನಿಜವಾಗಿ ನಡೆದುಕೊಳ್ಳುವ ರೀತಿಯನ್ನು ಲೆಕ್ಕ ಅನುಸರಿಸಬೇಕು, ಅಚ್ಚಾದ ತಾರೀಕನ್ನಷ್ಟೇ ಅಲ್ಲ. ಪ್ರತಿ ಕೂಪನ್ನಿಗೂ ಕ್ರಮಸಂಖ್ಯೆ ಇರಲಿ, ಬಂದದ್ದನ್ನು ಪಂಚ್ ಮಾಡಿ ಇಟ್ಟುಕೊಳ್ಳಿ. ಮೂರು ವರ್ಷ ಹೀಗೆ ಮಾಡಿದರೆ ನಿಮ್ಮದೇ ಅನುಭವದ ಸಂಖ್ಯೆ ಕೈಗೆ ಸಿಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ನಿಮ್ಮ ವ್ಯಾಪಾರ ಪುಣ್ಯವಂತ. ಅಚ್ಚಾದ ಪುಸ್ತಕಕ್ಕೂ ನಿಯತಕಾಲಿಕೆಗೂ ತೆರಿಗೆ ಇಲ್ಲ. ಕೂಪನ್ ಹಿಡಿದು ಬಂದವರು ಪೆನ್ನು ಕೊಂಡರೆ ಆ ಪೆನ್ನಿನ ತೆರಿಗೆ ಪೆನ್ನು ಕೊಟ್ಟ ದಿನದ ಬಿಲ್ಲಿನಲ್ಲಿ ಬರುತ್ತದೆ. ಸೇವೆ ಮಾರುವವರ ಕಷ್ಟ ಬೇರೆ: ಸೇವೆಗೆ ಮುಂಗಡ ಬಂದಾಗಲೇ ತೆರಿಗೆ ಕಟ್ಟಬೇಕು, ಪುಸ್ತಕದಲ್ಲಿ ಆದಾಯ ಆಮೇಲೆ ಬಂದರೂ ಸರಿ. ಹಾಗಾಗಿ ಯೋಗ ತರಗತಿ ನಡೆಸುವ ಗೆಳೆಯರ ಲೆಕ್ಕ ನೋಡಿ ನಿಮ್ಮದನ್ನು ತಿದ್ದಬೇಡಿ.

ಪ್ರಕಟಣಾಪೂರ್ವ ದರದ 75,000 ಮೂರರಲ್ಲಿ ಸುಲಭದ್ದು. 250 ಜನ 400ರ ಪುಸ್ತಕಕ್ಕೆ 300 ಕೊಟ್ಟಿದ್ದಾರೆ, ಪುಸ್ತಕ ಬಂದಿಲ್ಲ. ಮಾರ್ಚ್ 31ಕ್ಕೆ ಒಂದು ರೂಪಾಯಿಯೂ ಆದಾಯವಲ್ಲ. ಪುಸ್ತಕ ಅಚ್ಚಾಗಿ ಅಂಗಡಿಗೆ ಬಂದ ದಿನವೂ ಅಲ್ಲ, ಬಿಡುಗಡೆ ಸಮಾರಂಭದ ದಿನವೂ ಅಲ್ಲ. ಓದುಗರ ಕೈಗೆ ಕೊಟ್ಟ ಅಥವಾ ಅವರ ಹೆಸರಿಗೆ ಕಳಿಸಿದ ದಿನ, ಎಷ್ಟು ಪ್ರತಿ ಹೋಯಿತೋ ಅಷ್ಟು. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದು ಬದಿ. ಆ ಪುಸ್ತಕಕ್ಕೆಂದು ಈಗಾಗಲೇ ಕಾಗದಕ್ಕೂ ಡಿಟಿಪಿಗೂ 40,000 ಕೊಟ್ಟಿದ್ದೀರಿ, ಅದನ್ನು ಈ ವರ್ಷದ ಖರ್ಚಿನಲ್ಲಿ ಬರೆದಿದ್ದೀರಿ. ಆದಾಯವನ್ನು ಮುಂದಕ್ಕೆ ಹಾಕಿ ಖರ್ಚನ್ನು ಇಲ್ಲೇ ಬಿಟ್ಟರೆ ಇಲ್ಲದ ನಷ್ಟ ಕಾಣಿಸುತ್ತದೆ. ಆ 40,000 ಇನ್ನೂ ಮುಗಿಯದ ಪುಸ್ತಕದ ದಾಸ್ತಾನು. ಆಸ್ತಿಯ ಕಡೆ ಇಟ್ಟು, ಪುಸ್ತಕ ಮಾರಾಟವಾದಂತೆ ಖರ್ಚಿಗೆ ತನ್ನಿ.

ಎಲ್ಲ ಸೇರಿಸಿದರೆ ನೀವು ಮಾರಾಟವೆಂದು ಬರೆದ 3,95,000ದಲ್ಲಿ ಈ ವರ್ಷದ್ದು 1,59,600, ಹೊಣೆ 2,35,400. ಆದಾಯ ತೆರಿಗೆಯ ಲೆಕ್ಕಕ್ಕೂ ಈ ಭೇದ ನಿಲ್ಲಬೇಕಾದರೆ ನೀವು ಲೆಕ್ಕವನ್ನು, ದುಡ್ಡು ಬಂದದ್ದು ಯಾವಾಗಲಾದರೂ ಗಳಿಸಿದಾಗಲೇ ಆದಾಯ ಎನ್ನುವ ಮರ್ಕೆಂಟೈಲ್ ಪದ್ಧತಿಯಲ್ಲಿ ಇಡುತ್ತಿರಬೇಕು, ಖರ್ಚುಗಳನ್ನೂ ಹಾಗೆಯೇ. ದುಡ್ಡು ಬಂದಾಗ ಆದಾಯ, ಹೋದಾಗ ಖರ್ಚು ಎನ್ನುವ ನಗದು ಪದ್ಧತಿ ಹಿಡಿದವರಿಗೆ ಮುಂಗಡವನ್ನು ಮುಂದೂಡುವ ದಾರಿ ಇಲ್ಲ. ಎರಡನ್ನೂ ಬೇಕಾದಂತೆ ಬೆರೆಸಲು ಕಾನೂನು ಬಿಡುವುದಿಲ್ಲ. ರಿಟರ್ನ್ ತುಂಬುವ ಮೊದಲು ನಿಮ್ಮ ಆಡಿಟರ್ ಜೊತೆ ಕೂತು ಇದೊಂದನ್ನು ಇತ್ಯರ್ಥ ಮಾಡಿಕೊಳ್ಳಿ.

ಈಗ ಆಜೀವ ಚಂದಾ. ವರ್ಷಗಳ ಹಿಂದೆ ಒಂದು ಸಣ್ಣ ಪತ್ರಿಕೆ ಮುಚ್ಚುವಾಗ ಅದರ ಲೆಕ್ಕ ನೋಡಲು ಕೂತಿದ್ದೆ. ಆಜೀವ ಚಂದಾದಾರರು ಕೊಟ್ಟ ದುಡ್ಡೆಲ್ಲ ಬಂದ ವರ್ಷವೇ ಆದಾಯವಾಗಿ, ಕಾಗದವಾಗಿ ಕರಗಿ ಹೋಗಿತ್ತು. ಪುಸ್ತಕದ ಪ್ರಕಾರ ಅವರಿಗೆ ಏನೂ ಬಾಕಿ ಇರಲಿಲ್ಲ. ಸಂಪಾದಕರು ಮಾತ್ರ ಬಾಕಿ ಇದೆ ಎಂದೇ ತಿಳಿದು ತಮ್ಮ ಪಿಂಚಣಿಯಿಂದ ಒಬ್ಬೊಬ್ಬರಿಗೂ ಮನಿಆರ್ಡರ್ ಮಾಡಿದರು. ಆ ಮನಿಆರ್ಡರ್ ರಸೀದಿಗಳ ಕಟ್ಟನ್ನು ನಾನು ಮರೆತಿಲ್ಲ. ‘ಆಜೀವ’ ಎಂದರೆ ಯಾರ ಜೀವ, ಓದುಗನದೋ ಪತ್ರಿಕೆಯದೋ? ಎಷ್ಟು ಸಂಚಿಕೆ ಎಂದು ಗೊತ್ತಿಲ್ಲದಿದ್ದರೆ ಒಂದು ಸಂಚಿಕೆಗೆ ಎಷ್ಟು ಆದಾಯ ಎಂದು ಹೇಳಲಾಗುವುದಿಲ್ಲ, ಒಂದು ಅವಧಿಯನ್ನು ಅಂದಾಜಿನಲ್ಲಿ ಹಿಡಿದು ಹಂಚಬೇಕಾಗುತ್ತದೆ.

ಅದರ ಬದಲು ಐದು ವರ್ಷದ ಚಂದಾ ಎಂದು 2,400 ರೂಪಾಯಿಗೆ ಕೊಡಿ. 55 ಸಾಮಾನ್ಯ ಸಂಚಿಕೆ, 5 ವಿಶೇಷಾಂಕ, ಬಿಡಿ ಬೆಲೆ ಒಟ್ಟು 3,000. ಓದುಗರಿಗೆ ನೂರಕ್ಕೆ ಇಪ್ಪತ್ತು ಉಳಿತಾಯ. ನಿಮಗೆ ಸಾಮಾನ್ಯ ಸಂಚಿಕೆ ಹೋದಾಗ 32, ವಿಶೇಷಾಂಕ ಹೋದಾಗ 128. ಇವರ ಹೆಸರುಗಳನ್ನು ಚಂದಾದಾರರ ಪುಸ್ತಕದಲ್ಲಿ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ, ಏಕೆಂದರೆ ಅದೇ ಸಂಚಿಕೆಯಿಂದ ಇವರಲ್ಲಿ ಬರುವ ಆದಾಯ ಬೇರೆ. ಅವರು ಕೊಟ್ಟ ದುಡ್ಡನ್ನು ಸಾಧ್ಯವಾದಷ್ಟು ಬ್ಯಾಂಕಿನಲ್ಲಿ ಬೇರೆ ಠೇವಣಿಯಾಗಿ ಇಟ್ಟು, ವರ್ಷಕ್ಕೆ ತಲಾ 480ರಂತೆ ಮಾತ್ರ ಖರ್ಚಿಗೆ ತೆಗೆಯಿರಿ.